ಬಿದ್ದ ವಿಡಿಯೊ ಎಲ್ಲಿ ಬಿತ್ತು?

ಮಕ್ಕಳೇ, ನಿಮ್ಮ ಕ್ಲಬ್‌ನವರು ನನ್ನನ್ನು ಕರೆದಾಗ ವೈರಲ್ ಆಗುವ ಗುಟ್ಟು ಹೇಳಿಕೊಡಿ ಎಂದು ಕೇಳಲಿಲ್ಲ. ‘ಸರ್, ನಮ್ಮದೇ ಒಂದು ವಿಡಿಯೊ ನೆಲಕಚ್ಚಿದೆ, ಅದನ್ನೇ ಎದುರಿಗಿಟ್ಟುಕೊಂಡು ಮಾತಾಡಿ’ ಎಂದರು. ಆ ಮಾತು ಹಿಡಿಸಿತು, ಅದಕ್ಕೇ ಬಂದಿದ್ದೇನೆ. ಹಳ್ಳಿಯ ಯಂತ್ರಗಳ ಬಗ್ಗೆ ಕನ್ನಡದಲ್ಲಿ ವಿಡಿಯೊ ಮಾಡುತ್ತಲೇ ತಲೆ ನರೆತವನು ನಾನು. ಗೆದ್ದ ವಿಡಿಯೊದಿಂದ ಕಲಿಯುವುದು ಕಷ್ಟ ಅನ್ನುವುದು ನನ್ನ ಅನುಭವ. ಯಾವುದರಿಂದ ಗೆದ್ದಿತು ಎಂದು ಬಿಡಿಸಿ ನೋಡುವ ತಾಳ್ಮೆ ಆಗ ಯಾರಿಗೂ ಇರುವುದಿಲ್ಲ. ಸೋತಾಗ ಕೂತು ನೋಡುತ್ತೇವೆ. ಆದರೆ ಆಗ ಆತುರದಲ್ಲಿ ತಪ್ಪು ತೀರ್ಮಾನಕ್ಕೆ ಬರುವ ಅಪಾಯ ಇನ್ನೊಂದು ಕಡೆ ಇದೆ. ಇವತ್ತಿನ ಮಾತೆಲ್ಲ ಆ ಅಪಾಯದ ಸುತ್ತಲೇ.

ನಿಮ್ಮ ವಿಡಿಯೊ ‘ಬೋರ್‌ವೆಲ್ ಮೋಟರ್ ಸುಡದಂತೆ ಉಳಿಸುವುದು ಹೇಗೆ?’ ಎಂಬುದು. ಹತ್ತು ನಿಮಿಷದ್ದು. ನಾಲ್ವರು ಸೇರಿ ಹತ್ತಿರದ ಹಳ್ಳಿಯ ರೈತರೊಬ್ಬರ ಪಂಪ್‌ಹೌಸ್‌ನಲ್ಲಿ ನಿಂತು ಚಿತ್ರಿಸಿದ್ದೀರಿ. ಮೂರು ಫೇಸ್‌ನಲ್ಲಿ ಒಂದು ಹೋದರೆ ಉಳಿದ ಎರಡರಲ್ಲಿ ಕರೆಂಟ್ ಏರಿ ವೈಂಡಿಂಗ್ ಹೇಗೆ ಸುಡುತ್ತದೆ, ಬಾವಿಯಲ್ಲಿ ನೀರು ಇಳಿದ ಮೇಲೂ ಮೋಟರ್ ತಿರುಗಿದರೆ ಏನಾಗುತ್ತದೆ, ಓವರ್‌ಲೋಡ್ ರಿಲೇಯನ್ನು ಎಷ್ಟಕ್ಕೆ ಇಡಬೇಕು, ಎಲ್ಲವನ್ನೂ ಸರಿಯಾಗಿ ಹೇಳಿದ್ದೀರಿ. ನಾನು ಎರಡು ಸಲ ನೋಡಿದೆ. ವಿಷಯದಲ್ಲಿ ತಪ್ಪಿಲ್ಲ. ಮೊದಲ ತಿಂಗಳಲ್ಲಿ ಬಂದದ್ದು ಸಾವಿರ ವೀಕ್ಷಣೆ, ಸರಾಸರಿ ವೀಕ್ಷಣಾ ಅವಧಿ 1 ನಿಮಿಷ 50 ಸೆಕೆಂಡು. ಲೆಕ್ಕ ಕಣ್ಣಿಗೆ ಕಟ್ಟಲಿ ಎಂದು ಅಂಕಿಗಳನ್ನೆಲ್ಲ ದುಂಡು ಮಾಡಿಕೊಂಡಿದ್ದೇನೆ.

ಇದನ್ನು ನೋಡಿ ನೀವು ಬಂದ ತೀರ್ಮಾನವನ್ನು ನಿಮ್ಮ ಗೆಳೆಯ ಫೋನಿನಲ್ಲೇ ಹೇಳಿದ: ‘ಕನ್ನಡದವರಿಗೆ ಟೆಕ್ನಿಕಲ್ ವಿಷಯ ಬೇಡ ಸರ್, ಮುಂದಿನದು ಹಾಸ್ಟೆಲ್ ಕಾಮಿಡಿ ಮಾಡೋಣ ಅಂತಿದ್ದೇವೆ.’ ಹಾಸ್ಟೆಲ್ ಕಾಮಿಡಿ ಮಾಡಿ, ನನ್ನದೇನೂ ತಕರಾರಿಲ್ಲ. ಆದರೆ ಆ ಮೊದಲ ವಾಕ್ಯ ನನ್ನನ್ನು ರಾತ್ರಿಯೆಲ್ಲ ಕಾಡಿತು. ಒಂದು ಭಾಷೆಯ ಜನಕ್ಕೆಲ್ಲ ಒಂದು ವಿಷಯ ಬೇಡ ಎಂದು ಹೇಳುವುದಕ್ಕೆ ನಿಮ್ಮ ಕೈಲಿದ್ದದ್ದು ಒಂದೇ ಒಂದು ಸರಾಸರಿ. ಆ ಸರಾಸರಿಯೊಳಗೆ ಯಾರಿದ್ದಾರೆ ಎಂದು ಯಾರೂ ತೆರೆದು ನೋಡಿರಲಿಲ್ಲ. ಈಗ ತೆರೆಯೋಣ.

ವೀಕ್ಷಣೆ ಎನ್ನುವುದು ಕಡೆಯಲ್ಲಿ ಸಿಗುವ ಮೊತ್ತ. ಅದಕ್ಕೂ ಮೊದಲು ನಿಮ್ಮ ಥಂಬ್‌ನೇಲ್ ಯಾರದೋ ಪರದೆಯ ಮೇಲೆ ಕಾಣಬೇಕು, ಕಂಡವರು ಒತ್ತಬೇಕು, ಒತ್ತಿದವರು ನಿಲ್ಲಬೇಕು. ಈ ಮೂರರಲ್ಲಿ ಎಲ್ಲಿ ಜನ ಕಳಚಿಕೊಂಡರು ಎಂಬುದೇ ಮೊದಲ ಪ್ರಶ್ನೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ಕಾಣಿಸಿಕೊಂಡದ್ದಕ್ಕೆ ಇಂಪ್ರೆಷನ್ ಎನ್ನುತ್ತಾರೆ. ಥಂಬ್‌ನೇಲಿನ ಅರ್ಧ ಭಾಗವಾದರೂ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆಯಲ್ಲಿ ಇದ್ದರೆ ಒಂದು ಇಂಪ್ರೆಷನ್. ಸರ್ರನೆ ಮೇಲೆ ಸರಿಸಿಬಿಟ್ಟರೆ ಲೆಕ್ಕಕ್ಕಿಲ್ಲ. ಇನ್ನೊಂದು ಮಾತು ನೆನಪಿರಲಿ: ವಾಟ್ಸಾಪ್‌ನಲ್ಲಿ ಕಳಿಸಿದ ಲಿಂಕ್ ಒತ್ತಿ ಬಂದವರಿಗೆ ಇಂಪ್ರೆಷನ್ ಇರುವುದಿಲ್ಲ, ವೀಕ್ಷಣೆ ಮಾತ್ರ ಇರುತ್ತದೆ. ಇದು ಈಗಲೇ ಉಪಯೋಗಕ್ಕೆ ಬರುತ್ತದೆ.

ನಿಮಗೆ ಸಿಕ್ಕ ಇಂಪ್ರೆಷನ್ 10,000. ಅದರಿಂದ ಬಂದ ವೀಕ್ಷಣೆ 600. ಅಂದರೆ ನೂರಕ್ಕೆ ಆರು ಮಂದಿ ಒತ್ತಿದ್ದಾರೆ. ಇದನ್ನೇ ಕ್ಲಿಕ್ ದರ ಅಥವಾ ಸಿಟಿಆರ್ ಅನ್ನುವುದು. ಯೂಟ್ಯೂಬೇ ಹೇಳಿರುವಂತೆ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೊಗಳ ದರ 2ರಿಂದ 10 ಪ್ರತಿಶತದ ನಡುವೆ ಇರುತ್ತದೆ. ಹಾಗಾಗಿ ನಿಮ್ಮ ಥಂಬ್‌ನೇಲನ್ನು ಗಲ್ಲಿಗೇರಿಸುವ ಕಾರಣ ಕಾಣುವುದಿಲ್ಲ. ಸುಟ್ಟ ವೈಂಡಿಂಗಿನ ಚಿತ್ರ ಹಾಕಿದ್ದು ಕೆಲಸ ಮಾಡಿದೆ. ತೊಂದರೆ ಇರುವುದು ಆಮೇಲೆ, ಜನ ಒಳಗೆ ಬಂದ ಮೇಲೆ. ಹತ್ತು ನಿಮಿಷದಲ್ಲಿ ಎರಡು ನಿಮಿಷವೂ ನಿಂತಿಲ್ಲವಲ್ಲ.

ಇಲ್ಲಿಯವರೆಗೆ ನೀವೂ ಬಂದಿದ್ದಿರಿ, ಇಲ್ಲಿಗೇ ನಿಲ್ಲಿಸಿದಿರಿ. ಇನ್ನೊಂದೇ ಒಂದು ಪಟ್ಟಿ ತೆರೆಯಬೇಕಿತ್ತು. ವಿಡಿಯೊದ ಅನಾಲಿಟಿಕ್ಸ್‌ನಲ್ಲಿ ಅಡ್ವಾನ್ಸ್ಡ್ ಮೋಡ್‌ಗೆ ಹೋಗಿ ಟ್ರಾಫಿಕ್ ಸೋರ್ಸ್ ಆರಿಸಿದರೆ ಜನ ಎಲ್ಲಿಂದ ಬಂದರು ಎಂಬುದರ ಜೊತೆಗೆ ಪ್ರತಿಯೊಂದು ದಾರಿಯಿಂದ ಬಂದವರ ಸರಾಸರಿ ಅವಧಿಯೂ ಬೇರೆಬೇರೆಯಾಗಿ ಕಾಣುತ್ತದೆ. ನಿಮ್ಮ ಪಟ್ಟಿಯನ್ನು ಪ್ರೊಜೆಕ್ಟರಿನಲ್ಲಿ ಹಾಕಿದ್ದೇನೆ, ನೋಡಿ. ಹೊರಗಿನಿಂದ, ಅಂದರೆ ಬಹುಪಾಲು ವಾಟ್ಸಾಪ್‌ನಿಂದ, 400 ಮಂದಿ. ಅವರು ನಿಂತದ್ದು ಸರಾಸರಿ 40 ಸೆಕೆಂಡು. ಯೂಟ್ಯೂಬಿನ ಮುಖಪುಟದಲ್ಲಿ ತಾನಾಗಿ ಕಂಡು ಒತ್ತಿದವರು 350, ಅವರು ನಿಂತದ್ದು 1 ನಿಮಿಷ 10 ಸೆಕೆಂಡು. ಹುಡುಕಾಟದಿಂದ ಬಂದವರು 250. ಅವರು ಎಷ್ಟು ಹೊತ್ತು ನಿಂತರು? 4 ನಿಮಿಷ 40 ಸೆಕೆಂಡು.

ಈ ಮೂರನ್ನು ಕೂಡಿಸಿ ಸಾವಿರದಿಂದ ಭಾಗಿಸಿದರೆ ಬರುವುದೇ ನಿಮ್ಮ 1 ನಿಮಿಷ 50 ಸೆಕೆಂಡು. ಬೇಕಿದ್ದರೆ ಕ್ಯಾಲ್ಕುಲೇಟರ್ ತೆಗೆದು ನೋಡಿ. 1 ನಿಮಿಷ 50 ಸೆಕೆಂಡು ನೋಡುವ ಪ್ರೇಕ್ಷಕ ಅಂತ ಒಂದು ಗುಂಪೇ ಇಲ್ಲಿ ಇಲ್ಲ! ಇರುವುದು ಬೇಗ ಎದ್ದುಹೋದ ಎರಡು ಗುಂಪು, ಸುಮಾರು ಅರ್ಧ ವಿಡಿಯೊ ಕೂತು ನೋಡಿದ ಇನ್ನೊಂದು ಗುಂಪು. ಸರಾಸರಿ ಇವರೆಲ್ಲರ ಮುಖ ಅಳಿಸಿ, ಇಲ್ಲದ ಒಬ್ಬ ಮನುಷ್ಯನನ್ನು ನಿಮ್ಮ ಎದುರು ತಂದು ನಿಲ್ಲಿಸಿತು. ನೀವು ಅವನನ್ನು ನೋಡಿ ‘ಕನ್ನಡದವರು’ ಎಂದು ಹೆಸರಿಟ್ಟಿರಿ.

ಈಗ ಒಂದೊಂದೇ ಗುಂಪನ್ನು ನೋಡೋಣ. ವಾಟ್ಸಾಪ್‌ನ 400 ಮಂದಿ ಯಾರು? ನಿಮ್ಮ ಅಕ್ಕ, ಚಿಕ್ಕಪ್ಪ, ಪಿಯುಸಿ ಗೆಳೆಯರು, ಅಮ್ಮನ ಸ್ವಸಹಾಯ ಸಂಘದ ಗುಂಪು. ಅವರು ನಿಮ್ಮ ಮುಖ ನೋಡಲು ಬಂದರು, ನೋಡಿದರು, ಖುಷಿಪಟ್ಟು ಹೋದರು. ಅವರಲ್ಲಿ ಎಷ್ಟು ಮನೆಯಲ್ಲಿ ಬೋರ್‌ವೆಲ್ ಮೋಟರ್ ಇದೆ? ಅವರು 40 ಸೆಕೆಂಡಿಗೆ ಹೋದದ್ದು ಪ್ರೀತಿಯ ಕೊರತೆಯಿಂದಲ್ಲ, ನಿಮ್ಮ ವಿಡಿಯೊದ ದೋಷವೂ ಅಲ್ಲ. ಮನೆಯವರಿಗೆ ಕಳಿಸಬೇಡಿ ಎಂದು ನಾನು ಹೇಳುವುದಿಲ್ಲ. ಕಳಿಸಿ. ಆದರೆ ಲೆಕ್ಕ ಓದುವಾಗ ಅವರನ್ನು ಪಕ್ಕಕ್ಕೆ ಕೂರಿಸಿ ಓದಿ. ಮೊದಲ ದಿನದ ಅಂಕಿಗಳಲ್ಲಿ ತುಂಬಿರುವವರು ಅವರೇ. ಮೊದಲ ರಾತ್ರಿಯೇ ಸ್ಟುಡಿಯೊ ತೆರೆದು ‘ಹತ್ತು ವಿಡಿಯೊದಲ್ಲಿ ಹತ್ತನೇ ಸ್ಥಾನ’ ಎಂಬುದನ್ನು ನೋಡಿ ಕುಗ್ಗುವುದರಲ್ಲಿ ಅರ್ಥವಿಲ್ಲ. ಜನ ಎಲ್ಲಿ ಬಿಟ್ಟರು ಎಂಬ ಗ್ರಾಫ್ ತಯಾರಾಗುವುದಕ್ಕೇ ಒಂದೆರಡು ದಿನ ಬೇಕು.

ಹುಡುಕಿಕೊಂಡು ಬಂದ 250 ಮಂದಿಯ ಕಡೆ ತಿರುಗಿ. ನನಗೆ ಅತ್ಯಂತ ಮುಖ್ಯ ಎನಿಸಿದವರು ಇವರು. ಸರ್ಚ್ ಎಂಬ ಸಾಲನ್ನು ಒತ್ತಿದರೆ ಅವರು ಏನು ಟೈಪ್ ಮಾಡಿದ್ದರು ಎಂಬ ಪಟ್ಟಿ ಬರುತ್ತದೆ. ನಿಮ್ಮ ಪಟ್ಟಿಯ ಮೇಲ್ತುದಿಯಲ್ಲಿ ‘ಮೋಟರ್ ಸುಡದಂತೆ’ ಎಂಬ ಮಾತೇ ಇಲ್ಲ. ಇರುವುದು ‘ಸ್ಟಾರ್ಟರ್ ಟ್ರಿಪ್’, ‘ಮೋಟರ್ ಆನ್ ಆಗ್ತಿಲ್ಲ’, ಮತ್ತೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ‘motor trip agtide’. ಇದನ್ನು ಬರೆದವರ ಸ್ಥಿತಿ ಯೋಚಿಸಿ. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ಇರುವುದು ದಿನದಲ್ಲಿ ಕೆಲವೇ ಗಂಟೆ, ಎಷ್ಟೋ ಕಡೆ ಅದು ಬರುವುದು ರಾತ್ರಿ. ಕರೆಂಟ್ ಬಂದಿದೆ, ಸ್ಟಾರ್ಟರ್ ಬಟನ್ ಒತ್ತಿದರೆ ಎರಡು ನಿಮಿಷಕ್ಕೆ ಟಕ್ ಎಂದು ಬೀಳುತ್ತಿದೆ, ಟೊಮೆಟೊ ಗಿಡ ಬಾಡುತ್ತಿದೆ. ಆ ಹೊತ್ತಿನಲ್ಲಿ ಅವರು ಕೈಲಿ ಫೋನ್ ಹಿಡಿದು ನಿಮ್ಮನ್ನು ಕೇಳಿದ್ದಾರೆ. ಅಂಥ 250 ಮಂದಿ ಒಂದು ತಿಂಗಳಲ್ಲಿ ನಿಮ್ಮ ಬಳಿಗೆ ಬಂದರು. ಹುಡುಕಾಟದಲ್ಲಿ ನಿಮ್ಮ ಥಂಬ್‌ನೇಲ್ ಕಂಡದ್ದು 2,000 ಸಲ, ಅಂದರೆ ಎಂಟಕ್ಕೆ ಒಬ್ಬರು ಒತ್ತಿದ್ದಾರೆ. ಮುಖಪುಟದಲ್ಲಿ 8,000 ಸಲ ಕಂಡು 350 ಮಂದಿ ಒತ್ತಿದರು, ಅದು ನೂರಕ್ಕೆ ನಾಲ್ಕು ಚಿಲ್ಲರೆ. ಬೇಕಾದವರಿಗೂ ಬೇಡದವರಿಗೂ ಇರುವ ಅಂತರ ಇಲ್ಲೇ ಕಾಣುತ್ತದೆ.

ಸರಿ, ಹುಡುಕಿ ಬಂದವರು ನಿಂತರು ಎಂದಾಯಿತು. ಹಾಗಾದರೆ ವಿಡಿಯೊದಲ್ಲಿ ದೋಷವೇ ಇಲ್ಲವೇ? ಇದೆ. ಅದನ್ನು ತೋರಿಸುವುದು ರಿಟೆನ್ಷನ್ ಗ್ರಾಫ್. ಅಡ್ಡಕ್ಕೆ ವಿಡಿಯೊದ ಸಮಯ, ಉದ್ದಕ್ಕೆ ಇನ್ನೂ ನೋಡುತ್ತಿರುವವರ ಪ್ರಮಾಣ. ನಿಮ್ಮ ಗೆರೆ 30ನೇ ಸೆಕೆಂಡಿಗೆ 45 ಪ್ರತಿಶತಕ್ಕೆ ಇಳಿದಿದೆ, 1:10ಕ್ಕೆ 26ಕ್ಕೆ ಬಂದಿದೆ, 2 ನಿಮಿಷದ ಹೊತ್ತಿಗೆ 18. ಅಲ್ಲಿಂದ ಮುಂದೆ ಎಂಟು ನಿಮಿಷ ಹೆಚ್ಚುಕಡಿಮೆ ಮಟ್ಟಸ, ಮುಗಿಯುವಾಗ 10.

ಯಾವ ವಿಡಿಯೊದಲ್ಲೂ ಮೊದಲ ಅರ್ಧ ನಿಮಿಷದಲ್ಲಿ ಗೆರೆ ಇಳಿಯುತ್ತದೆ. ತಪ್ಪಿ ಒತ್ತಿದವರು, ಕುತೂಹಲಕ್ಕೆ ಒತ್ತಿದವರು ಹೋಗುತ್ತಾರೆ. ನೋಡಬೇಕಾದ್ದು ಇಳಿತ ಎಲ್ಲಿ ನಿಂತಿತು ಎಂಬುದನ್ನು. ನಿಮ್ಮದು ಬೇಗ ನಿಲ್ಲಲಿಲ್ಲ, 1:10ರವರೆಗೂ ಜಾರುತ್ತಲೇ ಹೋಯಿತು. ಈಗ ಗ್ರಾಫ್ ಬಿಟ್ಟು ವಿಡಿಯೊವನ್ನೇ ಹಾಕೋಣ. 0:00ರಿಂದ ಕ್ಲಬ್‌ನ ಲೋಗೊ ತಿರುಗುತ್ತದೆ, ಸಂಗೀತ. ಆಮೇಲೆ ನಾಲ್ವರ ಪರಿಚಯ, ವಿಭಾಗ, ಸೆಮಿಸ್ಟರ್. ಆಮೇಲೆ ಪ್ರಾಂಶುಪಾಲರಿಗೆ, ವಿಭಾಗದ ಮುಖ್ಯಸ್ಥರಿಗೆ ಕೃತಜ್ಞತೆ. ಮೋಟರ್ ಎಂಬ ಪದ ಮೊದಲ ಬಾರಿ ಕೇಳುವುದು 1:10ಕ್ಕೆ. ಅಲ್ಲಿಗೇ ಗೆರೆಯ ಜಾರಾಟವೂ ತಗ್ಗಿತು. ಗುರುಗಳಿಗೆ ಕೃತಜ್ಞತೆ ಹೇಳುವುದು ಒಳ್ಳೆಯ ಗುಣ, ಬಿಡಬೇಡಿ. ವಿಡಿಯೊದ ಕೊನೆಗೆ ಹಾಕಿ, ವಿವರಣೆಯಲ್ಲಿ ಬರೆಯಿರಿ. ಕತ್ತಲಲ್ಲಿ ಸ್ಟಾರ್ಟರ್ ಎದುರು ನಿಂತವರನ್ನು ಅದಕ್ಕಾಗಿ ಕಾಯಿಸಬೇಡಿ.

ಇನ್ನೊಂದು ಜಾಗ ನೋಡಿ. 6:10ರ ಸುತ್ತ ಗೆರೆ ಇದ್ದಕ್ಕಿದ್ದಂತೆ ಮೇಲಕ್ಕೆ ಉಬ್ಬಿದೆ. ಗೆರೆ ಮೇಲೆ ಹೋಗುವುದು ಎರಡು ಕಾರಣಕ್ಕೆ: ಕೆಲವರು ಮುಂದಕ್ಕೆ ಹಾರಿ ನೇರ ಅಲ್ಲಿಗೆ ಬರುತ್ತಾರೆ, ಕೆಲವರು ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡುತ್ತಾರೆ. ಉಬ್ಬು ಕಂಡ ತಕ್ಷಣ ‘ಇದು ಜನಕ್ಕೆ ಇಷ್ಟವಾದ ಜಾಗ’ ಎಂದು ಕುಣಿಯುವವರನ್ನು ನೋಡಿದ್ದೇನೆ. ನಿಧಾನ. ಅಲ್ಲಿ ಏನಿದೆ? ಟಾಂಗ್ ಟೆಸ್ಟರ್ ಹಾಕಿ ಆಂಪಿಯರ್ ಅಳೆದು, ರಿಲೇಯ ಡಯಲ್ ತಿರುಗಿಸಿ ತೋರಿಸಿದ್ದೀರಿ. ಎಷ್ಟು ಹೊತ್ತು? ಎರಡು ಸೆಕೆಂಡು. ಮೀಟರಿನ ಅಂಕಿ ಚಿಕ್ಕ ಫೋನಿನಲ್ಲಿ ಓದಲು ಬರುವುದಿಲ್ಲ, ಮಾತೂ ಗಾಳಿಯ ಸದ್ದಿನಲ್ಲಿ ಮುಳುಗಿದೆ. ಹಾಗಾದರೆ ಜನ ಮತ್ತೆ ಮತ್ತೆ ನೋಡಿದ್ದು ಇಷ್ಟಪಟ್ಟೋ, ಅರ್ಥವಾಗದೆಯೋ? ಗ್ರಾಫ್ ಇದನ್ನು ಹೇಳುವುದಿಲ್ಲ. ಎಲ್ಲಿ ಎಂಬುದನ್ನು ಅದು ಹೇಳುತ್ತದೆ, ಏಕೆ ಎಂಬುದನ್ನು ಹೇಳಲಾರದು. ಕಾಮೆಂಟಿನಲ್ಲಿ ಒಬ್ಬರು ‘ರಿಲೇ ಎಷ್ಟಕ್ಕೆ ಇಡಬೇಕು, ಸರಿಯಾಗಿ ಕಾಣಲಿಲ್ಲ’ ಎಂದು ಕೇಳಿದ್ದಾರೆ. ಅದೊಂದು ಸುಳಿವು. ಆದರೆ ಕಾಮೆಂಟ್ ಬರೆಯುವವರು ನಿಂತು ನೋಡಿದವರಲ್ಲೇ ಕೆಲವರು. ಎದ್ದುಹೋದವರು ಯಾಕೆ ಹೋದರು ಎಂದು ಬರೆದಿಟ್ಟು ಹೋಗುವುದಿಲ್ಲ, ಅವರು ಬಿಟ್ಟುಹೋದ ಗುರುತು ಆ ಗೆರೆಯ ಇಳಿತ ಮಾತ್ರ.

‘ಏಕೆ’ ಎಂಬುದಕ್ಕೆ ನಾನು ಕಂಡುಕೊಂಡ ದಾರಿ ಬಹಳ ಹಳೆಯದು. ಯಾರ ಪಂಪ್‌ಹೌಸ್‌ನಲ್ಲಿ ಚಿತ್ರಿಸಿದಿರೋ ಆ ರೈತರ ಬಳಿಗೇ ಹೋಗಿ. ಅವರ ಫೋನಿನಲ್ಲೇ ವಿಡಿಯೊ ಹಾಕಿಕೊಡಿ, ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳಿ. ಒಂದು ಮಾತೂ ಆಡಬೇಡಿ. ಅವರ ಹೆಬ್ಬೆರಳು ಎಲ್ಲಿ ಪರದೆ ಮುಟ್ಟುತ್ತದೆ, ಎಲ್ಲಿ ಕಣ್ಣು ಕಿರಿದು ಮಾಡುತ್ತಾರೆ, ಎಲ್ಲಿ ಫೋನನ್ನು ಹತ್ತಿರಕ್ಕೆ ತರುತ್ತಾರೆ, ನೋಡುತ್ತಿರಿ. ಆಮೇಲೆ ‘ಚೆನ್ನಾಗಿತ್ತಾ’ ಎಂದು ಕೇಳಬೇಡಿ. ಕೇಳಿದರೆ ಚೆನ್ನಾಗಿತ್ತು ಕಣಪ್ಪಾ ಎನ್ನುತ್ತಾರೆ, ಅಷ್ಟು ಒಳ್ಳೆಯವರು ಅವರು. ‘ಅಣ್ಣಾ, ಈಗ ನಿಮ್ಮ ರಿಲೇಯನ್ನು ನೀವೇ ಸೆಟ್ ಮಾಡಿ ತೋರಿಸಿ’ ಎಂದು ಕೇಳಿ, ಮೇನ್ ಆಫ್ ಮಾಡಿಸಿ. ನೇಮ್‌ಪ್ಲೇಟಿನ ಆಂಪಿಯರ್ ಓದಿ ಡಯಲ್ ತಿರುಗಿಸಿದರೆ ನಿಮ್ಮ ಆ ಜಾಗ ಸರಿಯಾಗಿದೆ. ಕೈ ತಡವರಿಸಿದರೆ ಆ ಉಬ್ಬು ಮೆಚ್ಚುಗೆಯದಲ್ಲ.

ಈಗ ದುರಸ್ತಿಗೆ ಬರೋಣ. ವಿಡಿಯೊ ಅಳಿಸಿ ಹೊಸದಾಗಿ ಹಾಕುವ ಯೋಚನೆ ನಿಮ್ಮಲ್ಲಿತ್ತು ಎಂದು ಕೇಳಿದೆ. ಬೇಡ. ಹುಡುಕಾಟದಲ್ಲಿ ಅದು ಈಗಾಗಲೇ ಜನರಿಗೆ ಸಿಗುತ್ತಿದೆ, ಆ ದಾರಿಯನ್ನು ನೀವೇ ಮುಚ್ಚಿದಂತಾಗುತ್ತದೆ. ಸ್ಟುಡಿಯೊದ ಎಡಿಟರ್‌ನಲ್ಲಿ ಮೊದಲ 1 ನಿಮಿಷ 10 ಸೆಕೆಂಡನ್ನು ಟ್ರಿಮ್ ಮಾಡಬಹುದು. ಲಿಂಕ್, ವೀಕ್ಷಣೆ, ಕಾಮೆಂಟ್ ಎಲ್ಲವೂ ಹಾಗೇ ಉಳಿಯುತ್ತವೆ. ಕತ್ತರಿಸುವ ಮೊದಲು ಇವತ್ತಿನ ಗ್ರಾಫಿನ ಚಿತ್ರ ತೆಗೆದಿಟ್ಟುಕೊಳ್ಳಿ, ಕತ್ತರಿಸಿದ ದಿನಾಂಕ ಬರೆದಿಡಿ. ಅದು ಮುಗಿದ ಮೇಲೆ ವಿವರಣೆಯಲ್ಲಿ ಚಾಪ್ಟರ್ ಹಾಕಿ, ಹುಡುಕಿ ಬಂದವರು ತಮಗೆ ಬೇಕಾದ ಜಾಗಕ್ಕೆ ನೇರ ಹೋಗಲಿ. ಚಾಪ್ಟರ್ ಬರಬೇಕಾದರೆ ಮೊದಲ ಸಾಲು 0:00 ಆಗಿರಬೇಕು, ಕನಿಷ್ಠ ಮೂರು ಸಾಲು ಇರಬೇಕು, ಪ್ರತಿಯೊಂದು ಭಾಗ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು. ಚಾಪ್ಟರನ್ನು ಟ್ರಿಮ್ ಆದ ಮೇಲೆಯೇ ಹಾಕಬೇಕು, ಯಾಕೆಂದರೆ 6:10ರ ರಿಲೇ ಭಾಗ ಆಗ 5:00ಕ್ಕೆ ಬಂದು ನಿಂತಿರುತ್ತದೆ.

ಶೀರ್ಷಿಕೆಯನ್ನೂ ಈಗಲೇ ‘ಸ್ಟಾರ್ಟರ್ ಟ್ರಿಪ್’ ಎಂದು ಬದಲಿಸಿಬಿಡೋಣವೇ ಎಂದು ಹಿಂದಿನ ಸಾಲಿನಿಂದ ತಂಗಿಯೊಬ್ಬಳು ಕೇಳುತ್ತಿದ್ದಾಳೆ. ಒಳ್ಳೆಯ ಪ್ರಶ್ನೆ. ಬದಲಿಸಬೇಕು, ಆದರೆ ಅದೇ ವಾರ ಬೇಡ. ಶೀರ್ಷಿಕೆ ಬದಲಾದರೆ ಒತ್ತುವವರು ಬದಲಾಗುತ್ತಾರೆ, ಒತ್ತುವವರು ಬದಲಾದರೆ ನಿಲ್ಲುವ ಹೊತ್ತೂ ಬದಲಾಗುತ್ತದೆ. ಆಮೇಲೆ ಸುಧಾರಿಸಿದ್ದು ಕತ್ತರಿಯಿಂದಲೋ ಹೆಸರಿನಿಂದಲೋ ಎಂದು ನಿಮಗೆ ಎಂದೂ ತಿಳಿಯುವುದಿಲ್ಲ. ಇವತ್ತಿಗೆ ಒಂದು ವಿಡಿಯೊ ಸರಿಯಾಗಬಹುದು, ಮುಂದಿನದಕ್ಕೆ ಪಾಠ ಸಿಗುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬಹಳ ಜನ ಎಡವುವ ಜಾಗ ಇದು, ಗಣಿತ ಗೊತ್ತಿರುವವರೂ ಎಡವುತ್ತಾರೆ. ನೀವು ಏನನ್ನೂ ಮಾಡದೆ ಮುಂದಿನ ತಿಂಗಳವರೆಗೆ ಸುಮ್ಮನಿದ್ದೀರಿ ಎಂದುಕೊಳ್ಳಿ. ಮನೆಯವರೆಲ್ಲ ನೋಡಿ ಮುಗಿಸಿದ್ದಾರೆ, ಹಾಗಾಗಿ ವಾಟ್ಸಾಪ್‌ನಿಂದ ಬರುವವರು ಹತ್ತೇ ಮಂದಿ. ಮುಖಪುಟದಿಂದ 90, ಹುಡುಕಾಟದಿಂದ 200, ಒಟ್ಟು 300. ಪ್ರತಿ ಗುಂಪೂ ಮೊದಲಿನಷ್ಟೇ ಹೊತ್ತು ನಿಂತಿತು. 40 ಸೆಕೆಂಡಿನವರು 40, 4:40ರವರು 4:40. ಈಗ ಒಟ್ಟು ಸರಾಸರಿ ತೆಗೆದರೆ ಎಷ್ಟು? 3 ನಿಮಿಷ 29 ಸೆಕೆಂಡು. ವಿಡಿಯೊದಲ್ಲಿ ಒಂದು ಫ್ರೇಮೂ ಬದಲಾಗಿಲ್ಲ, ಸರಾಸರಿ ಮಾತ್ರ ಸುಮಾರು ಎರಡು ಪಟ್ಟಿಗೆ ಹೋಗಿದೆ! ಜನರ ನಡವಳಿಕೆ ಬದಲಾಗಿಲ್ಲ, ಜನರ ಬೆರಕೆ ಬದಲಾಗಿದೆ. ಈ ನಡುವೆ ನೀವು ಏನನ್ನಾದರೂ ಮಾಡಿದ್ದರೆ, ಉದಾಹರಣೆಗೆ ಹಿನ್ನೆಲೆ ಸಂಗೀತ ಬದಲಿಸಿದ್ದರೆ, ಇದೆಲ್ಲ ಆ ಸಂಗೀತದ ಮಹಿಮೆ ಎಂದು ನಂಬಿ ಮುಂದಿನ ಎಲ್ಲ ವಿಡಿಯೊಗಳಿಗೂ ಅದನ್ನೇ ಹಾಕುತ್ತಿದ್ದಿರಿ. ಆದ್ದರಿಂದ ಹುಡುಕಾಟದವರನ್ನು ಹುಡುಕಾಟದವರ ಜೊತೆಗೇ ಹೋಲಿಸಿ, ಮುಖಪುಟದವರನ್ನು ಮುಖಪುಟದವರ ಜೊತೆಗೆ. ಅಡ್ವಾನ್ಸ್ಡ್ ಮೋಡ್‌ನಲ್ಲಿ ದಿನಾಂಕದ ಅವಧಿ ಆರಿಸುವುದಕ್ಕೆ, ಎರಡು ಅವಧಿಗಳನ್ನು ಪಕ್ಕಪಕ್ಕ ಇಡುವುದಕ್ಕೆ ಅವಕಾಶ ಇದೆ. ಟ್ರಿಮ್‌ಗೆ ಮುಂಚಿನ 28 ದಿನ, ಆಮೇಲಿನ 28 ದಿನ ಎಂದು ಇಟ್ಟು ನೋಡಿ.

ಹೋಲಿಸುವಾಗಲೂ ಒಂದು ಎಚ್ಚರ ಬೇಕು. ಹುಡುಕಿ ಬಂದವರು ಮೊದಲು 280 ಸೆಕೆಂಡು ನಿಂತಿದ್ದರು. ಟ್ರಿಮ್ ಆದ ಮೇಲೆ ಅದು 240ಕ್ಕೆ ಇಳಿಯಿತು ಎಂದುಕೊಳ್ಳಿ. ಕೆಟ್ಟಿತೇ? ನೋಡಿ, ಆ 280ರಲ್ಲಿ ಸುಮಾರು 60 ಸೆಕೆಂಡು ನಿಮ್ಮ ಲೋಗೊ ಮತ್ತು ಪರಿಚಯಕ್ಕೇ ಹೋಗಿತ್ತು ಎಂದು ಲೆಕ್ಕ ಹಿಡಿದರೆ, ಮೋಟರಿನ ವಿಷಯ ನೋಡಿದ್ದು 220 ಸೆಕೆಂಡು. ಈಗ 240 ಸೆಕೆಂಡೂ ವಿಷಯವೇ. ಅಂಕಿ ಇಳಿದಿದೆ, ಕೆಲಸ ಸುಧಾರಿಸಿದೆ. ಪ್ರತಿಶತ ನೋಡಿದರೂ ಇದು ಕಾಣುವುದಿಲ್ಲ. ಅದೂ 47ರಿಂದ 45ಕ್ಕೆ ಇಳಿದಿರುತ್ತದೆ. ಅಂಕಿ ಏನನ್ನು ಎಣಿಸುತ್ತಿದೆ ಎಂದು ಪ್ರತಿಸಲ ಕೇಳಿಕೊಳ್ಳದಿದ್ದರೆ ಒಳ್ಳೆಯದನ್ನು ಮಾಡಿ ಅದನ್ನೇ ತಿರುಗಿ ಕೆಡಿಸಿಬಿಡುತ್ತೀರಿ. ಅದಕ್ಕೆ ಅಳತೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಇಲ್ಲಿ ನಾನಾಗಿದ್ದರೆ ನೋಡುತ್ತಿದ್ದುದು ಎರಡೇ: ಟ್ರಿಮ್ ಆದ ವಿಡಿಯೊದ 30ನೇ ಸೆಕೆಂಡಿನಲ್ಲಿ ಎಷ್ಟು ಮಂದಿ ಇದ್ದಾರೆ, ಹುಡುಕಿ ಬಂದವರು ಸರಾಸರಿ 220 ಸೆಕೆಂಡು ದಾಟಿದರೇ. ಮೊದಲನೆಯದನ್ನು ಓದುವಾಗಲೂ ವಾಟ್ಸಾಪ್‌ನವರು ಈಗ ಇಲ್ಲ ಎಂಬುದು ನೆನಪಿರಲಿ. 45 ಇದ್ದದ್ದು 60 ಆದರೆ ಅದರಲ್ಲಿ ಒಂದು ಪಾಲು ಅವರು ಇಲ್ಲದ್ದರಿಂದ ಬಂದದ್ದು. ಎರಡನೆಯ ಅಳತೆಯನ್ನೇ ಹೆಚ್ಚು ನಂಬಿ.

ಚಿಕ್ಕ ಎಣಿಕೆಯ ಆಟವನ್ನೂ ಮರೆಯಬೇಡಿ. ಮುಂದೆ ಯಾವಾಗಲಾದರೂ ಥಂಬ್‌ನೇಲ್ ಬದಲಿಸುತ್ತೀರಿ, ಸಾವಿರ ಇಂಪ್ರೆಷನ್‌ಗೆ 44 ಜನ ಒತ್ತುತ್ತಿದ್ದಲ್ಲಿ 50 ಜನ ಒತ್ತುತ್ತಾರೆ. ಹೊಸದು ಗೆದ್ದಿತು ಎಂದು ಬೀಗುವ ಮೊದಲು 50ರ ವರ್ಗಮೂಲ ತೆಗೆಯಿರಿ. ಏಳು. ಅಷ್ಟು ಏರಿಳಿತ ಯಾವ ಕಾರಣವೂ ಇಲ್ಲದೆ, ಬರೀ ಆಕಸ್ಮಿಕವಾಗಿಯೇ ಆಗುತ್ತಿರುತ್ತದೆ. ಆರರ ವ್ಯತ್ಯಾಸ ಅದರೊಳಗೇ ಅಡಗಿದೆ. ಎರಡು ಮೂರು ಥಂಬ್‌ನೇಲನ್ನು ಏಕಕಾಲಕ್ಕೆ ಬೇರೆಬೇರೆಯವರಿಗೆ ತೋರಿಸಿ ಹೋಲಿಸುವ ಸೌಲಭ್ಯವನ್ನು ಯೂಟ್ಯೂಬ್ 2024ರಲ್ಲಿ ವ್ಯಾಪಕವಾಗಿ ಕೊಟ್ಟಿತು. ಅದು ಗೆದ್ದದ್ದನ್ನು ತೀರ್ಮಾನಿಸುವುದು ಒತ್ತಿದವರ ಸಂಖ್ಯೆಯಿಂದ ಅಲ್ಲ, ನೋಡಿದ ಹೊತ್ತಿನಿಂದ. ಮೋಸದ ಚಿತ್ರ ಹಾಕಿ ಒತ್ತಿಸಿಕೊಂಡರೆ ಅಲ್ಲಿ ಲಾಭವಿಲ್ಲ, ಇದು ನನಗೆ ಸರಿ ಎನಿಸಿದ ಏರ್ಪಾಡು. ಆದರೆ ನಿಮ್ಮಷ್ಟು ಚಿಕ್ಕ ಚಾನೆಲ್‌ನಲ್ಲಿ ಎರಡು ವಾರ ಓಡಿದ ಮೇಲೂ ಫಲಿತಾಂಶ ಸ್ಪಷ್ಟವಿಲ್ಲ ಎಂದೇ ಬರಬಹುದು. ಹಾಗೆ ಬಂದರೆ ಬೇಸರಪಡಬೇಡಿ, ಅದು ನಿಜವಾದ ಉತ್ತರವೇ.

ಇನ್ನು ಮುಂದಿನ ವಿಡಿಯೊ. ನಿಮ್ಮ 250 ಮಂದಿ ಕೇಳಿದ್ದನ್ನೇ ಮಾಡಿ: ಸ್ಟಾರ್ಟರ್ ಯಾಕೆ ಟ್ರಿಪ್ ಆಗುತ್ತದೆ, ನೋಡುವುದು ಹೇಗೆ. ನಾಲ್ಕು ನಿಮಿಷ ಸಾಕು. ಮೊದಲ ದೃಶ್ಯದಲ್ಲೇ ಬಿದ್ದ ಸ್ಟಾರ್ಟರ್ ಕಾಣಲಿ. ಮೀಟರಿನ ಅಂಕಿ ಐದು ಸೆಕೆಂಡಾದರೂ ಪರದೆ ತುಂಬ ನಿಲ್ಲಲಿ, ಅದನ್ನು ಬಾಯಲ್ಲೂ ಹೇಳಿ. ಪೆಟ್ಟಿಗೆ ತೆರೆಯುವ ಮೊದಲು ಮೇನ್ ಆಫ್ ಮಾಡುವುದನ್ನು ತೋರಿಸದೆ ಮುಂದೆ ಹೋಗಬೇಡಿ. ಆ ಹತ್ತು ಸೆಕೆಂಡಿನಲ್ಲಿ ಗೆರೆ ಇಳಿದರೂ ಇಳಿಯಲಿ, ಅದನ್ನು ಮಾತ್ರ ಯಾವ ಗ್ರಾಫ್ ಹೇಳಿದರೂ ಕತ್ತರಿಸಕೂಡದು. ಆ ಪೆಟ್ಟಿಗೆಯಲ್ಲಿ 415 ವೋಲ್ಟ್ ಇರುತ್ತದೆ, ನೋಡುತ್ತಿರುವವರ ಕೈ ಒದ್ದೆ ಇರಬಹುದು.

ಪ್ರಕಟಿಸುವ ಮುನ್ನ ನಾಲ್ವರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ: ಹುಡುಕಾಟದಿಂದ ಬರುವವರ ಪಾಲು ಅರ್ಧಕ್ಕಿಂತ ಹೆಚ್ಚಾಗುತ್ತದೆ, ಅವರು ನಾಲ್ಕರಲ್ಲಿ ಎರಡು ನಿಮಿಷವಾದರೂ ನಿಲ್ಲುತ್ತಾರೆ. ಆಮೇಲೆ ಅಂಕಿ ನೋಡಿ ಕಥೆ ಕಟ್ಟಲು ಆ ಹಾಳೆ ಬಿಡುವುದಿಲ್ಲ. ಜನ ಬಂದು ನಿಲ್ಲದಿದ್ದರೆ ನಿಮ್ಮ ವಿವರಣೆಯಲ್ಲಿ ಕೊರತೆ ಇದೆ, ಮತ್ತೆ ಆ ರೈತರ ಪಕ್ಕ ಹೋಗಿ ಕೂರಬೇಕು. ಒತ್ತಿದವರು ನಿಂತರು, ಆದರೆ ಹುಡುಕಾಟದ ಇಂಪ್ರೆಷನ್ನೇ ನೂರಿನ್ನೂರರಲ್ಲಿ ನಿಂತರೆ, ಮೊದಲು ಶೀರ್ಷಿಕೆಯಲ್ಲಿ ಅವರು ಟೈಪ್ ಮಾಡುವ ಮಾತೇ ಇದೆಯೇ ನೋಡಿ. ಇದ್ದೂ ಏರದಿದ್ದರೆ ಈ ತಿಂಗಳು ಅದನ್ನು ಕೇಳುವವರು ಕಡಿಮೆ ಎಂದಷ್ಟೇ ಅರ್ಥ. ಬೋರ್‌ವೆಲ್ ಮೋಟರಿನ ಕಾಲ ಬೇಸಿಗೆ, ಮಳೆ ಹಿಡಿದಾಗ ಆ ಹುಡುಕಾಟ ತಗ್ಗುವುದು ಸಹಜ. ಫೆಬ್ರವರಿಯಿಂದ ಮೇವರೆಗಿನ ಅಂಕಿಯನ್ನು ಜೂನ್‌ನಿಂದ ಆಚೆಗಿನದರ ಜೊತೆ ಹೋಲಿಸದೆ, ಮುಂದಿನ ಬೇಸಿಗೆಯವರೆಗೆ ವಿಡಿಯೊವನ್ನು ಅಲ್ಲೇ ಇರಲು ಬಿಡಿ.